ಮಾತಿನಿಂದ ಆಶಯಕ್ಕೆ: ಸಂದರ್ಶನಗಳ ಕೋಡಿಂಗ್ ಮತ್ತು ಫಲಿತಾಂಶದ ಬರವಣಿಗೆ

ಸಮಾಜಶಾಸ್ತ್ರ, ಶಿಕ್ಷಣ, ಮನೋವಿಜ್ಞಾನ, ಶುಶ್ರೂಷೆ ಮೊದಲಾದ ವಿಭಾಗಗಳ ಸ್ನಾತಕೋತ್ತರ ವಿದ್ಯಾರ್ಥಿಗಳಿಗೆ ಗುಣಾತ್ಮಕ ಸಂಶೋಧನಾ ವಿಧಾನದ ಪಾಠದಲ್ಲಿ ಬರುವ ಅಸೈನ್‌ಮೆಂಟ್ ಬಹುಮಟ್ಟಿಗೆ ಒಂದೇ ಬಗೆಯದು. ನಾಲ್ಕಾರು ಮಂದಿಯನ್ನು ಸಂದರ್ಶಿಸಬೇಕು, ಧ್ವನಿಮುದ್ರಣವನ್ನು ಬರಹಕ್ಕಿಳಿಸಬೇಕು, ಬರಹಕ್ಕೆ ಕೋಡ್‌ಗಳನ್ನು ಕೊಡಬೇಕು, ಕೋಡ್‌ಗಳಿಂದ ಆಶಯಗಳನ್ನು ರೂಪಿಸಬೇಕು, ಕೊನೆಗೆ ಫಲಿತಾಂಶದ ಅಧ್ಯಾಯ ಬರೆಯಬೇಕು. ಇವುಗಳಲ್ಲಿ ಮೊದಲೆರಡು ಶ್ರಮದ ಕೆಲಸಗಳು. ಕಷ್ಟ ತೊಡಗುವುದು ಆಮೇಲೆ. ಕೋಡ್‌ನಿಂದ ಆಶಯಕ್ಕೆ ಹೋಗುವ ದಾರಿಯಲ್ಲಿ ಏನು ನಡೆಯುತ್ತದೆ, ಅಲ್ಲಿ ದಾರಿ ತಪ್ಪಿದ್ದನ್ನು ಗುರುತಿಸುವುದು ಹೇಗೆ ಎಂಬುದಷ್ಟೇ ಈ ಲೇಖನದ ವ್ಯಾಪ್ತಿ. ಪರದೇಶದ ಕನ್ನಡ ವಿದ್ಯಾರ್ಥಿಗಳು ಅನೇಕ ವೇಳೆ ಕನ್ನಡದಲ್ಲಿ ಸಂದರ್ಶಿಸಿ ಇಂಗ್ಲಿಷಿನಲ್ಲಿ ಬರೆಯುವುದರಿಂದ, ಅನುವಾದದ ತೊಡಕನ್ನೂ ಇಲ್ಲಿ ಗಮನಿಸಲಾಗಿದೆ.

ವಿಧಾನದ ಹಿನ್ನೆಲೆ

ಸಂದರ್ಶನಗಳನ್ನು ವಿಶ್ಲೇಷಿಸುವ ವಿಧಾನಗಳು ಹಲವು. ಬಾರ್ನಿ ಗ್ಲೇಸರ್ ಮತ್ತು ಆನ್ಸೆಲ್ಮ್ ಸ್ಟ್ರಾಸ್ 1967ರಲ್ಲಿ ಮಂಡಿಸಿದ ಗ್ರೌಂಡೆಡ್ ಥಿಯರಿ ಅವುಗಳಲ್ಲಿ ಪ್ರಸಿದ್ಧವಾದುದು. ಆದರೆ ಅದರ ಗುರಿ ಹೊಸ ಸಿದ್ಧಾಂತವನ್ನು ಕಟ್ಟುವುದು. ಒಂದು ಅವಧಿಯ ಅಸೈನ್‌ಮೆಂಟಿಗೆ ಆ ಹೊರೆ ಹೆಚ್ಚಾಗುತ್ತದೆ. ಆದ್ದರಿಂದ ಇಂದು ತರಗತಿಗಳಲ್ಲಿ ಹೆಚ್ಚಾಗಿ ಬಳಕೆಯಲ್ಲಿರುವುದು ವರ್ಜೀನಿಯಾ ಬ್ರೌನ್ ಮತ್ತು ವಿಕ್ಟೋರಿಯಾ ಕ್ಲಾರ್ಕ್ 2006ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ ವಿವರಿಸಿದ ಥಿಮ್ಯಾಟಿಕ್ ಅನಾಲಿಸಿಸ್, ಎಂದರೆ ಆಶಯ ವಿಶ್ಲೇಷಣೆ. ಅವರು ಅದಕ್ಕೆ ಆರು ಹಂತಗಳನ್ನು ಹೇಳಿದರು: ಸಾಮಗ್ರಿಯ ಪರಿಚಯ, ಕೋಡಿಂಗ್, ಆಶಯಗಳ ಮೊದಲ ಕರಡು, ಅವುಗಳ ಪರಿಶೀಲನೆ, ಅವಕ್ಕೆ ವ್ಯಾಖ್ಯೆ ಮತ್ತು ಹೆಸರು, ಬರವಣಿಗೆ.

ಮೂರನೆಯ ಹಂತವನ್ನು ಅವರು ಮೊದಲು ‘ಆಶಯಗಳನ್ನು ಹುಡುಕುವುದು’ ಎಂದು ಕರೆದಿದ್ದರು. ಮುಂದೆ ಆ ಮಾತನ್ನು ಬಿಟ್ಟು ‘ಆಶಯಗಳನ್ನು ರೂಪಿಸುವುದು’ ಎಂಬರ್ಥದ ಮಾತನ್ನು ಬಳಸತೊಡಗಿದರು. ಹುಡುಕುವುದು ಎಂದಾಗ ಆಶಯಗಳು ಸಂದರ್ಶನದೊಳಗೆ ಮೊದಲೇ ಅಡಗಿ ಕುಳಿತಿವೆ ಎಂಬ ಭಾವನೆ ಬರುತ್ತದೆ. ಅವರ ನಿಲುವು ಬೇರೆ: ಆಶಯವೆಂಬುದು ಸಾಮಗ್ರಿ, ಸಂಶೋಧನಾ ಪ್ರಶ್ನೆ ಮತ್ತು ಓದುವವನ ಅರಿವು ಈ ಮೂರೂ ಕೂಡಿದಾಗ ಹುಟ್ಟುವಂಥದು. ಈ ನಿಲುವನ್ನು ಸ್ಪಷ್ಟಪಡಿಸಲು 2019ರಿಂದ ತಮ್ಮ ವಿಧಾನವನ್ನು ಅವರು ‘ರಿಫ್ಲೆಕ್ಸಿವ್’, ಎಂದರೆ ಆತ್ಮಾವಲೋಕನದ, ಆಶಯ ವಿಶ್ಲೇಷಣೆ ಎಂದು ಕರೆಯುತ್ತಿದ್ದಾರೆ. ‘ಸಂದರ್ಶನಗಳಿಂದ ಮೂರು ಆಶಯಗಳು ಹೊರಹೊಮ್ಮಿದವು’ ಎಂದು ಬರೆದ ಉತ್ತರಪತ್ರಿಕೆಯ ಅಂಚಿನಲ್ಲಿ ಅಧ್ಯಾಪಕರು ಪ್ರಶ್ನೆಯ ಗುರುತು ಹಾಕುವುದು ಈ ಕಾರಣಕ್ಕೇ.

ಥೀಮ್ ಎಂಬುದಕ್ಕೆ ಇಲ್ಲಿ ‘ಆಶಯ’ವೆಂದೇ ಹೇಳಿದೆ. ಕನ್ನಡ ವಿಮರ್ಶೆಯ ಓದುಗರಿಗೆ ವಸ್ತು ಬೇರೆ, ಆಶಯ ಬೇರೆ ಎಂಬ ವ್ಯತ್ಯಾಸ ಪರಿಚಿತ. ಬಡತನ ಒಂದು ಕಥೆಯ ವಸ್ತುವಾಗಿರಬಹುದು. ಬಡತನದ ಬಗ್ಗೆ ಆ ಕಥೆ ಏನನ್ನುತ್ತದೆ ಎಂಬುದು ಅದರ ಆಶಯ. ಸಂದರ್ಶನದ ವಿಶ್ಲೇಷಣೆಯಲ್ಲಿ ಬೇಕಾಗುವುದೂ ಇದೇ ವಿವೇಚನೆ.

ಒಂದು ಮಾದರಿ

ಮುಂದಿನ ವಿವರಣೆಗಾಗಿ ಒಂದು ಕಲ್ಪಿತ ಅಸೈನ್‌ಮೆಂಟನ್ನು ತೆಗೆದುಕೊಳ್ಳೋಣ. ಇಂಗ್ಲೆಂಡಿನ ನಗರವೊಂದರಲ್ಲಿ ಓದುತ್ತಿರುವ ವಿದ್ಯಾರ್ಥಿನಿ ಅಲ್ಲಿನ ಆರು ಮಂದಿ ಕನ್ನಡಿಗ ತಂದೆತಾಯಿಯರನ್ನು ತಲಾ ನಲವತ್ತು ನಿಮಿಷ ಸಂದರ್ಶಿಸಿದ್ದಾಳೆ. ಅವಳ ಪ್ರಶ್ನೆ: ಮಕ್ಕಳ ಕನ್ನಡದ ವಿಚಾರದಲ್ಲಿ ತಂದೆತಾಯಿಯರು ತಮ್ಮ ಹೊಣೆಯನ್ನು ಹೇಗೆ ಅರ್ಥಮಾಡಿಕೊಳ್ಳುತ್ತಾರೆ? ಮೂರನೆಯ ಭಾಗಿ, ಎಂಟು ವರ್ಷದ ಹುಡುಗನ ತಾಯಿ, ಹೀಗೆ ಹೇಳಿದ್ದಾರೆ ಎಂದಿಟ್ಟುಕೊಳ್ಳೋಣ:

“ಮನೇಲಿ ಕನ್ನಡಾನೇ ಮಾತಾಡ್ತೀವಿ. ಅಂದ್ರೆ... ನಾನು ಕನ್ನಡದಲ್ಲಿ ಕೇಳ್ತೀನಿ, ಅವನು ಇಂಗ್ಲಿಷಲ್ಲಿ ಉತ್ತರ ಕೊಡ್ತಾನೆ. (ನಗು) ಮೊದಮೊದ್ಲು ತಿದ್ತಾ ಇದ್ದೆ, ಈಗ ಬಿಟ್ಟಿದೀನಿ. ಮಾತಾಡೋದೇ ನಿಲ್ಲಿಸಿಬಿಟ್ರೆ ಅಂತ ಭಯ. ಆದ್ರೆ ಭಾನುವಾರ ಅಜ್ಜಿ ಫೋನ್ ಮಾಡ್ದಾಗ ಮಾತ್ರ ಬಿಡಲ್ಲ. ಅಲ್ಲಿ ಕನ್ನಡ ಬರ್ಲಿಲ್ಲ ಅಂದ್ರೆ ತಪ್ಪು ನಂದೇ ಅಂತ ಆಗತ್ತಲ್ಲ. ಫೋನ್ ಬರೋಕ್ಕೆ ಮುಂಚೇನೇ ಎರಡು ವಾಕ್ಯ ಹೇಳ್ಕೊಟ್ಟಿರ್ತೀನಿ.”

ಬರಹಕ್ಕಿಳಿಸುವಾಗ ‘ಅಂದ್ರೆ’ ಎಂಬ ತಡವರಿಕೆಯನ್ನೂ ನಗುವನ್ನೂ ಉಳಿಸಿಕೊಂಡಿರುವುದನ್ನು ಗಮನಿಸಬೇಕು. ಹೇಳಿಕೆಯೊಂದನ್ನು ಮುಂದಿಟ್ಟು ಮರುಕ್ಷಣವೇ ಅದನ್ನು ಸಡಿಲಗೊಳಿಸುವ ಗಳಿಗೆ ಅದು. ಇದನ್ನೇ ಗ್ರಾಂಥಿಕ ಕನ್ನಡಕ್ಕೆ ತಿದ್ದಿ ಬರೆದರೆ ಆ ಗಳಿಗೆ ಕಾಣೆಯಾಗುತ್ತದೆ. ಒಂದು ಗಂಟೆಯ ಮಾತನ್ನು ಹೀಗೆ ಬರೆದುಕೊಳ್ಳಲು ಹೊಸಬರಿಗೆ ಐದಾರು ಗಂಟೆ ಹಿಡಿಯುವುದು ಸಾಮಾನ್ಯ. ಆದರೆ ಪರಿಚಯದ ಹಂತದ ಬಹುಭಾಗ ಆ ಹೊತ್ತಿನಲ್ಲೇ ಮುಗಿದಿರುತ್ತದೆ.

ಕೋಡ್ ಎಂದರೆ ಏನು, ಏನಲ್ಲ

ಕೋಡ್ ಎಂಬುದು ಮಾತಿನ ಒಂದು ತುಣುಕಿಗೆ ಕೊಡುವ ಚಿಕ್ಕ ಹೆಸರು; ಆ ತುಣುಕಿನಲ್ಲಿ ಸಂಶೋಧನಾ ಪ್ರಶ್ನೆಗೆ ಸಂಬಂಧಪಟ್ಟದ್ದು ಏನಿದೆಯೆಂಬುದನ್ನು ಅದು ಹಿಡಿದಿಡುತ್ತದೆ. ಇದಕ್ಕೆ ಎನ್‌ವಿವೊ, ಅಟ್ಲಾಸ್ ಮೊದಲಾದ ತಂತ್ರಾಂಶಗಳಿವೆ. ಆರು ಸಂದರ್ಶನಗಳಿಗಾದರೆ ಮೂರು ಅಂಕಣಗಳ ಒಂದು ಪಟ್ಟಿಯೇ ಸಾಕು: ಎಡಕ್ಕೆ ಸಾಲಿನ ಸಂಖ್ಯೆ, ನಡುವೆ ಮಾತು, ಬಲಕ್ಕೆ ಕೋಡ್.

ಮೇಲಿನ ಭಾಗಕ್ಕೆ ಮೊದಲ ಸಲ ಕೋಡ್ ಕೊಡುವ ವಿದ್ಯಾರ್ಥಿ ‘ಭಾಷೆ’, ‘ಕುಟುಂಬ’, ‘ಭಯ’, ‘ಅಜ್ಜಿ’ ಎಂದು ಬರೆಯುವ ಸಾಧ್ಯತೆ ಹೆಚ್ಚು. ಇವು ತಪ್ಪಲ್ಲ, ಆದರೆ ಕೆಲಸಕ್ಕೆ ಬಾರವು. ಪರೀಕ್ಷಿಸುವುದು ಸುಲಭ: ನಡುವಿನ ಅಂಕಣವನ್ನು ಮುಚ್ಚಿ ಬಲಗಡೆಯ ಕೋಡನ್ನು ಮಾತ್ರ ಓದಬೇಕು. ಆ ತಾಯಿ ಏನು ಹೇಳಿದರೆಂಬುದು ಸ್ಥೂಲವಾಗಿಯಾದರೂ ತಿಳಿದರೆ ಕೋಡ್ ಸರಿಯಾಗಿದೆ. ‘ಭಯ’ ಎಂದು ಓದಿದರೆ ಯಾರಿಗೆ, ಯಾವುದರ ಭಯ ಎಂಬುದು ತಿಳಿಯದು. ಅದರ ಬದಲು ಕೋಡ್‌ಗಳು ಹೀಗಿರಬಹುದು:

- ‘ಕನ್ನಡವೇ’ ಎಂದು ಹೇಳಿ ಒಡನೆಯೇ ಸಡಿಲಿಸುವುದು
- ಕೇಳುವುದು ಒಂದು ಭಾಷೆ, ಉತ್ತರ ಇನ್ನೊಂದು ಭಾಷೆ
- ಮಾತೇ ನಿಂತೀತೆಂದು ತಿದ್ದುವುದನ್ನು ಬಿಟ್ಟದ್ದು
- ಅಜ್ಜಿಯ ಫೋನು ಬಂದಾಗ ನಿಯಮ ಬಿಗಿಯಾಗುವುದು
- ಮಗನ ಕನ್ನಡ ತನ್ನ ಮೇಲಿನ ತೀರ್ಪಾಗುವುದು
- ಮುಂಚಿತವಾಗಿ ವಾಕ್ಯ ಕಲಿಸಿ ಸಿದ್ಧಪಡಿಸುವುದು

ಇವುಗಳಲ್ಲಿ ಎರಡನೆಯದು ಆಕೆ ಹೇಳಿದ್ದನ್ನೇ ಹೇಳುತ್ತದೆ. ಮೊದಲನೆಯದು ಮತ್ತು ಐದನೆಯದು ಮಾತಿನ ಹಿಂದಿರುವುದನ್ನು ಹೇಳುತ್ತವೆ. ಇವೆರಡು ಬಗೆಗೂ ಸ್ಥಾನವುಂಟು. ಮೊದಲ ಓದಿನಲ್ಲಿ ಹೇಳಿದ್ದನ್ನೇ ಹೇಳುವ ಕೋಡ್‌ಗಳು ಹೆಚ್ಚಿರುತ್ತವೆ. ಆರೂ ಸಂದರ್ಶನಗಳನ್ನು ಮುಗಿಸಿ, ಕ್ರಮವನ್ನು ಬದಲಿಸಿ ಮತ್ತೊಮ್ಮೆ ಓದಿದಾಗ ಎರಡನೆಯ ಬಗೆಯವು ಹೆಚ್ಚುತ್ತವೆ. ಕ್ರಮ ಬದಲಿಸಲು ಕಾರಣವಿದೆ: ಮೊದಲ ಸಂದರ್ಶನದಲ್ಲಿ ಹುಟ್ಟಿದ ಕೋಡ್‌ಗಳು ಉಳಿದೆಲ್ಲವನ್ನೂ ತಮ್ಮ ಅಚ್ಚಿಗೆ ಎರಕ ಹೊಯ್ಯುತ್ತವೆ, ಕೊನೆಯದರಿಂದ ಹಿಂದಕ್ಕೆ ಓದಿದರೆ ಆ ಹಿಡಿತ ಸಡಿಲವಾಗುತ್ತದೆ.

ಕೋಡ್‌ಗಳಿಂದ ಆಶಯಕ್ಕೆ

ಎಲ್ಲ ಕೋಡ್‌ಗಳನ್ನೂ ಚೀಟಿಗಳ ಮೇಲೆ ಬರೆದು ಮೇಜಿನ ಮೇಲೆ ಹರಡಿ, ಒಂದಕ್ಕೊಂದು ಸೇರುವವನ್ನು ಗುಂಪು ಮಾಡುವುದು ಹಳೆಯ, ಇಂದಿಗೂ ಉಪಯುಕ್ತವಾದ ಕ್ರಮ. ನಮ್ಮ ವಿದ್ಯಾರ್ಥಿನಿಯ ಮೊದಲ ಗುಂಪುಗಳು ಇವು ಎಂದುಕೊಳ್ಳೋಣ: ‘ಮನೆಯ ಭಾಷೆ’, ‘ಅಜ್ಜ-ಅಜ್ಜಿಯರ ಪಾತ್ರ’, ‘ಕನ್ನಡ ತರಗತಿ’, ‘ತಂದೆತಾಯಿಯರ ಭಾವನೆಗಳು’. ನೋಡಲು ಅಚ್ಚುಕಟ್ಟಾಗಿವೆ. ಆದರೆ ಇವನ್ನು ಅವಳ ಪ್ರಶ್ನಾವಳಿಯ ಪಕ್ಕದಲ್ಲಿಟ್ಟರೆ ದೋಷ ಹೊಳೆಯುತ್ತದೆ. ಅವಳು ಮನೆಯ ಭಾಷೆಯ ಬಗ್ಗೆ ಕೇಳಿದಳು, ಅಜ್ಜ-ಅಜ್ಜಿಯರ ಬಗ್ಗೆ ಕೇಳಿದಳು, ತರಗತಿಯ ಬಗ್ಗೆ ಕೇಳಿದಳು. ಅವೇ ತಿರುಗಿ ಬಂದಿವೆ. ಇವು ವಿಷಯಗಳು, ಆಶಯಗಳಲ್ಲ. ‘ಅಜ್ಜ-ಅಜ್ಜಿಯರ ಪಾತ್ರ’ ಎಂಬ ಗುಂಪಿನಲ್ಲಿ ಅಜ್ಜಿಗೆ ಹೆದರುವವರೂ ಇರಬಹುದು, ಅಜ್ಜಿಯಿಂದ ನೆರವು ಪಡೆಯುವವರೂ ಇರಬಹುದು. ಅವರನ್ನು ಒಂದೆಡೆ ಕೂಡಿಸಿರುವುದು ‘ಅಜ್ಜಿ’ ಎಂಬ ಪದ ಮಾತ್ರ. ಬ್ರೌನ್ ಮತ್ತು ಕ್ಲಾರ್ಕ್ ತಮ್ಮ ಬರಹಗಳಲ್ಲಿ ಮತ್ತೆ ಮತ್ತೆ ಎಚ್ಚರಿಸುವುದು ಈ ವಿಷಯ-ಸಂಗ್ರಹದ ಬಗ್ಗೆಯೇ. ಆಶಯಕ್ಕೆ ಬೇಕಾದದ್ದು ಹಂಚಿಕೊಂಡ ಒಂದು ಅರ್ಥ, ಅದನ್ನು ಹಿಡಿದು ನಿಲ್ಲಿಸುವ ಒಂದು ನಡುಗಂಬ.

ಪರೀಕ್ಷೆ ಇದು: ಗುಂಪಿನ ಹೆಸರನ್ನು ಕ್ರಿಯಾಪದವುಳ್ಳ ಒಂದು ಪೂರ್ಣ ವಾಕ್ಯವಾಗಿ ಬರೆಯಲು ಸಾಧ್ಯವೇ? ‘ಅಜ್ಜ-ಅಜ್ಜಿಯರ ಪಾತ್ರ’ ಎಂಬುದು ಏನನ್ನೂ ಪ್ರತಿಪಾದಿಸುವುದಿಲ್ಲ. ಈಗ ಮೂರನೆಯ ಭಾಗಿಯ ಕೋಡ್‌ಗಳಿಗೆ ಹಿಂದಿರುಗೋಣ. ಭಾನುವಾರದ ಫೋನಿಗೆ ಮುಂಚೆ ವಾಕ್ಯ ಕಲಿಸುವುದು, ಮಗನ ಕನ್ನಡ ತನ್ನ ಮೇಲಿನ ತೀರ್ಪಾಗುವುದು ಎಂಬಿವುಗಳ ಜೊತೆಗೆ ಒಂದನೆಯ ಭಾಗಿಯಾದ ತಂದೆ, ಬೇಸಗೆಯಲ್ಲಿ ಊರಿಗೆ ಹೋಗುವ ಮುನ್ನ ತಿಂಗಳುಗಟ್ಟಲೆ ‘ಕನ್ನಡದ ತಯಾರಿ’ ನಡೆಸುವುದಾಗಿ ಹೇಳಿದ್ದಾರೆ. ಐದನೆಯ ಭಾಗಿ, ಕನ್ನಡ ತರಗತಿಯಲ್ಲಿ ಮಗಳು ಹೇಳಿದ ಪದ್ಯದ ವೀಡಿಯೊವನ್ನು ಆ ದಿನವೇ ಊರಿನ ಬಂಧುಗಳಿಗೆ ಕಳಿಸುತ್ತಾರೆ. ಫೋನು, ಪ್ರವಾಸ, ತರಗತಿ ಎಂಬ ಮೂರು ಬೇರೆ ವಿಷಯಗಳಲ್ಲಿ ಒಂದೇ ಅರ್ಥ ಹರಿದಿದೆ: ಮಗುವಿನ ಕನ್ನಡವು ಊರಿನವರಿಗೆ ತಂದೆತಾಯಿಯರು ಒಪ್ಪಿಸಬೇಕಾದ ಲೆಕ್ಕ. ಇದು ವಾಕ್ಯವಾಯಿತು, ಇದನ್ನು ಒಪ್ಪಬಹುದು, ಅಲ್ಲಗಳೆಯಬಹುದು. ‘ಊರಿಗೆ ಒಪ್ಪಿಸುವ ಲೆಕ್ಕ’ ಎಂದು ಹೆಸರಿಡಬಹುದು.

ಉಳಿದ ಕೋಡ್‌ಗಳು ಇನ್ನೊಂದು ದಿಕ್ಕಿಗೆ ಎಳೆಯುತ್ತವೆ. ತಿದ್ದುವುದನ್ನು ಬಿಟ್ಟದ್ದು, ಇಂಗ್ಲಿಷಿನ ಉತ್ತರವನ್ನು ಒಪ್ಪಿಕೊಂಡದ್ದು, ಶಾಲೆಯ ಸುದ್ದಿ ಹೇಳುವಾಗ ಯಾವ ಭಾಷೆಯಾದರೂ ಸರಿ ಎಂದದ್ದು. ಇವುಗಳ ನಡುಗಂಬ ‘ಮಗುವಿನೊಡನೆ ಮಾತು ಉಳಿಯಲೆಂದು ಭಾಷೆಯನ್ನು ಬಿಟ್ಟುಕೊಡುವುದು’. ಈ ಎರಡು ಆಶಯಗಳನ್ನು ಅಕ್ಕಪಕ್ಕ ಇಟ್ಟಾಗ ಮೂಲಪ್ರಶ್ನೆಗೆ ಉತ್ತರ ದೊರೆಯತೊಡಗುತ್ತದೆ. ತಂದೆತಾಯಿಯರ ಹೊಣೆ ಒಂದಲ್ಲ, ಎರಡು. ಒಂದು ಊರಿನ ಕಡೆಗೆ, ಇನ್ನೊಂದು ಮಗುವಿನ ಕಡೆಗೆ. ಮೂರನೆಯ ಭಾಗಿಯ ಒಂದೇ ಉತ್ತರದಲ್ಲಿ ‘ಈಗ ಬಿಟ್ಟಿದೀನಿ’ ಮತ್ತು ‘ಮಾತ್ರ ಬಿಡಲ್ಲ’ ಎಂಬ ಎರಡೂ ಮಾತುಗಳು ಬಂದಿರುವುದು ಈ ಕಾರಣಕ್ಕೆ. ಮೊದಲು ಅಸಂಗತವೆಂದು ತೋರಿದ್ದು ಈಗ ಅರ್ಥವಾಗುತ್ತದೆ.

ಹೊಂದದ ಸಾಕ್ಷ್ಯ

ಇಲ್ಲಿಗೆ ನಿಲ್ಲಿಸಿದರೆ ವಿಶ್ಲೇಷಣೆ ಅರ್ಧವಾಗುತ್ತದೆ. ನಾಲ್ಕನೆಯ ಹಂತದ ಕೆಲಸ, ರೂಪಿಸಿದ ಆಶಯವನ್ನು ಹಿಡಿದು ಎಲ್ಲ ಸಂದರ್ಶನಗಳನ್ನೂ ಮತ್ತೆ ಓದಿ, ಅದಕ್ಕೆ ಎದುರು ನಿಲ್ಲುವ ಮಾತುಗಳನ್ನು ಹುಡುಕುವುದು. ಆರನೆಯ ಭಾಗಿಯಾದ ತಂದೆ ಹೀಗೆ ಹೇಳಿದ್ದಾರೆ ಎನ್ನೋಣ: “ನಮಗೆ ಆ ಟೆನ್ಷನ್ ಇಲ್ಲ. ನಮ್ಮಮ್ಮಾನೇ ನಾಲ್ಕು ಇಂಗ್ಲಿಷ್ ಪದ ಕಲಿತ್ಕೊಂಡು ಮೊಮ್ಮಗಳ ಜೊತೆ ಮಾತಾಡ್ತಾರೆ.” ಇದನ್ನು ಕೈಬಿಟ್ಟರೆ ಆಶಯ ಸಲೀಸಾಗಿ ನಿಲ್ಲುತ್ತದೆ; ಹಾಗೆ ಬಿಡುವುದೇ ಈ ಬಗೆಯ ಅಸೈನ್‌ಮೆಂಟುಗಳ ದೊಡ್ಡ ದೋಷ. ಉಳಿಸಿಕೊಂಡರೆ ಆಶಯದ ಗೆರೆ ಸ್ಪಷ್ಟವಾಗುತ್ತದೆ. ಲೆಕ್ಕ ಕೇಳುವವರಿದ್ದಾರೆ ಎಂದು ತಂದೆತಾಯಿ ಭಾವಿಸಿದಾಗ ಮಾತ್ರ ಮಗುವಿನ ಕನ್ನಡ ಒಪ್ಪಿಸಬೇಕಾದ ಲೆಕ್ಕವಾಗುತ್ತದೆ. ಅಜ್ಜಿಯೇ ಮಗುವಿನ ಭಾಷೆಯ ಕಡೆಗೆ ಹೆಜ್ಜೆ ಇಟ್ಟ ಮನೆಯಲ್ಲಿ ಆ ಒತ್ತಡದ ಮಾತು ಬಂದಿಲ್ಲ. ಆಶಯದ ವ್ಯಾಖ್ಯೆಯಲ್ಲಿ ಈ ಷರತ್ತು ಸೇರಬೇಕು. ಎದುರು ಸಾಕ್ಷ್ಯ ಹೀಗೆ ಆಶಯವನ್ನು ತಿದ್ದಬಹುದು. ಎದುರು ಮಾತುಗಳು ಹೆಚ್ಚಾದರೆ ಆಶಯವನ್ನೇ ಕೈಬಿಡಬೇಕಾಗಬಹುದು.

ಕನ್ನಡದ ಮಾತು, ಇಂಗ್ಲಿಷಿನ ಬರಹ

ಸಂದರ್ಶನ ಕನ್ನಡದಲ್ಲಿದ್ದರೆ ಮೊದಲು ಪೂರ್ತಿ ಅನುವಾದಿಸಿ ಆಮೇಲೆ ಕೋಡ್ ಕೊಡುವುದು ಅನೇಕರು ಹಿಡಿಯುವ ದಾರಿ. ಅದರಿಂದ ಶ್ರಮವೂ ಹೆಚ್ಚು, ನಷ್ಟವೂ ಹೆಚ್ಚು. ‘ಬಿಟ್ಟಿದೀನಿ’ ಎಂಬ ಪದವನ್ನೇ ನೋಡಬಹುದು. ಇಂಗ್ಲಿಷಿನಲ್ಲಿ ‘ಗಿವನ್ ಅಪ್’ ಎಂದರೆ ಸೋತು ಕೈಚೆಲ್ಲಿದ ಧ್ವನಿ. ‘ಲೆಟ್ ಇಟ್ ಬಿ’ ಎಂದರೆ ಬೇಕೆಂದೇ ಸುಮ್ಮನಾದ ಧ್ವನಿ. ಕನ್ನಡದ ಪದ ಎರಡಕ್ಕೂ ಎಡೆಕೊಡುತ್ತದೆ. ಮೊದಲೇ ಅನುವಾದಿಸಿದರೆ ಯಾವುದೋ ಒಂದು ಅರ್ಥ ಕೋಡಿಂಗಿಗೆ ಮುಂಚೆಯೇ ತೀರ್ಮಾನವಾಗಿರುತ್ತದೆ. ಹಾಗೆ ತೀರ್ಮಾನಿಸಿದ್ದು ಬರೆದವರಿಗೇ ಮರೆತಿರುತ್ತದೆ. ‘ಕನ್ನಡಾನೇ’ ಎಂಬಲ್ಲಿನ ಒತ್ತೂ ಹೀಗೆಯೇ ಅಳಿಸಿಹೋಗುತ್ತದೆ.

ಕನ್ನಡದ ಬರಹಕ್ಕೇ ಕೋಡ್ ಕೊಟ್ಟು, ಫಲಿತಾಂಶದಲ್ಲಿ ಉಲ್ಲೇಖಿಸುವ ಭಾಗಗಳನ್ನು ಮಾತ್ರ ಕೊನೆಗೆ ಅನುವಾದಿಸುವುದು ಮೇಲು. ಕೋಡ್‌ಗಳನ್ನು ಯಾವ ಭಾಷೆಯಲ್ಲಿ ಬರೆದರೂ ಸರಿ. ಅಧ್ಯಾಪಕರಿಗೆ ತೋರಿಸಬೇಕಾದ್ದರಿಂದ ಇಂಗ್ಲಿಷಿನಲ್ಲಿ ಬರೆಯುವುದು ವಾಡಿಕೆ. ಮೂಲದ ಮಾತನ್ನು ಅನುಬಂಧದಲ್ಲಿ ಕೊಟ್ಟು, ಯಾರು ಅನುವಾದಿಸಿದರು, ಯಾವ ಪದ ತೊಡಕು ಕೊಟ್ಟಿತು, ಏನು ನಿರ್ಧರಿಸಲಾಯಿತು ಎಂಬುದನ್ನು ವಿಧಾನದ ಭಾಗದಲ್ಲಿ ಎರಡು ಮೂರು ವಾಕ್ಯಗಳಲ್ಲಿ ಹೇಳಬೇಕು.

ಫಲಿತಾಂಶದ ಬರವಣಿಗೆ

ಬರವಣಿಗೆಯಲ್ಲಿ ಉಲ್ಲೇಖ ಮತ್ತು ವಿವರಣೆಗಳ ಸಂಬಂಧವೇ ಮುಖ್ಯ. ದುರ್ಬಲ ಪ್ಯಾರಾ ಹೀಗಿರುತ್ತದೆ: ‘ಅಜ್ಜ-ಅಜ್ಜಿಯರು ಮುಖ್ಯವೆಂದು ಅನೇಕ ಭಾಗಿಗಳು ಹೇಳಿದರು. ಒಬ್ಬ ತಾಯಿ ಹೀಗೆಂದರು’ ಎಂದು ಬರೆದು, ಐದು ಸಾಲು ಉಲ್ಲೇಖಿಸಿ, ‘ಇನ್ನೊಬ್ಬರು ಹೀಗೆಂದರು’ ಎಂದು ಮುಂದಿನದಕ್ಕೆ ಹೋಗುವುದು. ಇಲ್ಲಿ ಉಲ್ಲೇಖವೇ ಎಲ್ಲ ಕೆಲಸವನ್ನೂ ಮಾಡಬೇಕೆಂದು ಬಿಟ್ಟಂತಾಗಿದೆ. ಉಲ್ಲೇಖಗಳನ್ನೆಲ್ಲ ತೆಗೆದುಹಾಕಿ ಉಳಿದದ್ದನ್ನು ಓದಿದರೆ ಇದು ತಿಳಿಯುತ್ತದೆ: ಅಲ್ಲಿ ವಾದವೇ ಉಳಿದಿರುವುದಿಲ್ಲ.

ಅದೇ ಸಾಮಗ್ರಿಯನ್ನು ಹೀಗೆ ಬರೆಯಬಹುದು: ‘ದೈನಂದಿನ ಮಾತಿನಲ್ಲಿ ಸಡಿಲವಾಗಿದ್ದ ನಿಯಮ ಊರಿನವರು ಕೇಳಿಸಿಕೊಳ್ಳುವಾಗ ಬಿಗಿಯಾಗುತ್ತಿತ್ತು. ಮಗನನ್ನು ತಿದ್ದುವುದನ್ನು “ಈಗ ಬಿಟ್ಟಿದೀನಿ” ಎಂದ ಮೂರನೆಯ ಭಾಗಿ, ಅಜ್ಜಿಯ ಫೋನು ಬಂದಾಗ “ಮಾತ್ರ ಬಿಡಲ್ಲ” ಎಂದರು. ಕನ್ನಡ ಬಾರದಿದ್ದರೆ “ತಪ್ಪು ನಂದೇ ಅಂತ ಆಗತ್ತಲ್ಲ” ಎಂಬ ಅವರ ಮಾತಿನಲ್ಲಿ ತಪ್ಪು ಹೊರಿಸುವವರು ಯಾರೆಂದು ಹೆಸರಿಸಿಲ್ಲ. ತೀರ್ಪು ಯಾರೊಬ್ಬರಿಂದಲೂ ಬಾರದೆ, ತಾನಾಗಿಯೇ “ಆಗುವ” ಸಂಗತಿಯಂತೆ ಕಾಣುತ್ತದೆ. ಫೋನಿಗೆ ಮುಂಚೆ ವಾಕ್ಯ ಕಲಿಸುವುದು ಈ ಕಾಣದ ತೀರ್ಪಿಗೆ ಮಾಡುವ ಸಿದ್ಧತೆ.’ ಇಲ್ಲಿ ಮೊದಲ ವಾಕ್ಯ ವಾದವನ್ನು ಹೇಳುತ್ತದೆ, ಉಲ್ಲೇಖಗಳು ಚಿಕ್ಕವಾಗಿವೆ, ಉಲ್ಲೇಖದ ಪದವೊಂದನ್ನು ಹಿಡಿದು ಅದು ಏನು ಮಾಡುತ್ತಿದೆ ಎಂದು ತೋರಿಸಲಾಗಿದೆ. ಇದಾದ ಮೇಲೆ ಒಂದನೆಯ ಮತ್ತು ಐದನೆಯ ಭಾಗಿಗಳ ಮಾತು, ಬಳಿಕ ಆರನೆಯವರ ಭಿನ್ನ ಮಾತು. ಎರಡು ಸಾವಿರ ಪದಗಳ ಫಲಿತಾಂಶಕ್ಕೆ ಎರಡು, ಹೆಚ್ಚೆಂದರೆ ಮೂರು ಆಶಯಗಳು ಸಾಕು; ಆರೇಳು ಇದ್ದರೆ ಅವು ಬಹುಶಃ ಇನ್ನೂ ವಿಷಯಗಳಾಗಿಯೇ ಉಳಿದಿವೆ.

ಎಣಿಕೆಯ ವಿಚಾರದಲ್ಲಿ ಎಚ್ಚರ ಬೇಕು. ‘ಶೇಕಡಾ 67ರಷ್ಟು ಭಾಗಿಗಳು’ ಎಂದರೆ ಆರರಲ್ಲಿ ನಾಲ್ವರು ಎಂದಷ್ಟೇ ಅರ್ಥ. ಎಲ್ಲರಿಗೂ ಒಂದೇ ಪ್ರಶ್ನೆಯನ್ನು ಒಂದೇ ರೀತಿ ಕೇಳದ ಸಂದರ್ಶನದಲ್ಲಿ, ಒಬ್ಬರು ಹೇಳಲಿಲ್ಲವೆಂದರೆ ಅವರಿಗೆ ಹಾಗೆ ಅನಿಸುವುದಿಲ್ಲ ಎಂದಲ್ಲ. ಹಾಗೆಯೇ, ಇಬ್ಬರು ಕೋಡ್ ಕೊಟ್ಟು ಅವರ ಸಹಮತಿಯನ್ನು ಕಪ್ಪಾ ಎಂಬ ಸೂಚ್ಯಂಕದಿಂದ ಅಳೆಯುವ ಪದ್ಧತಿ ಬೇರೆ ಕೆಲವು ವಿಧಾನಗಳಲ್ಲಿ ಉಂಟು. ಆದರೆ ಆತ್ಮಾವಲೋಕನದ ವಿಧಾನವನ್ನು ಅನುಸರಿಸಿದೆನೆಂದು ಬರೆದು, ಮುಂದಿನ ಸಾಲಿನಲ್ಲಿ ಕಪ್ಪಾ ಕೊಟ್ಟರೆ ಎರಡು ತತ್ತ್ವಗಳು ಢಿಕ್ಕಿ ಹೊಡೆಯುತ್ತವೆ. ಓದುವವರ ಅರಿವು ವಿಶ್ಲೇಷಣೆಯ ಸಾಧನವೆಂದು ಒಪ್ಪಿದ ಮೇಲೆ ಇಬ್ಬರು ಓದುಗರು ಒಂದೇ ಕೋಡಿಗೆ ಬರಬೇಕೆಂಬ ನಿರೀಕ್ಷೆಗೆ ಆಧಾರವಿಲ್ಲ. ಅಲ್ಲಿ ಬೇಕಾದುದು, ಸಂದರ್ಶಕಿಯೂ ಕನ್ನಡತಿಯಾದ್ದರಿಂದ ಆ ತಾಯಿ ‘ಮನೇಲಿ ಕನ್ನಡಾನೇ’ ಎಂದು ಮೊದಲು ಹೇಳಿರಬಹುದೇ ಎಂಬಂಥ ಪ್ರಶ್ನೆಯನ್ನು ಎದುರಿಸುವುದು. ಲೆಕ್ಕ ಒಪ್ಪಿಸುವ ಆಶಯ ಸಂದರ್ಶನದೊಳಗೂ ನಡೆದಿದ್ದರೆ ಅದೂ ಒಂದು ಸಾಕ್ಷ್ಯವೇ.

ಪರದೇಶದ ಕನ್ನಡಿಗರ ನಡುವೆ ನಡೆಯುವ ಸಂಶೋಧನೆಗೆ ಇನ್ನೊಂದು ಮಿತಿಯಿದೆ. ನಗರವೊಂದರಲ್ಲಿ ಕನ್ನಡ ಕುಟುಂಬಗಳು ಕೆಲವೇ ಇದ್ದಾಗ ಹೆಸರು ಬದಲಿಸಿದ ಮಾತ್ರಕ್ಕೆ ಗುರುತು ಮರೆಯಾಗುವುದಿಲ್ಲ. ತಾಯಿಯ ಉದ್ಯೋಗ, ಮಗುವಿನ ವಯಸ್ಸು, ತವರಿನ ಊರು ಈ ಮೂರೂ ಒಟ್ಟಿಗೆ ಬಂದರೆ ಕನ್ನಡ ಸಂಘದ ಯಾವ ಸದಸ್ಯರಾದರೂ ಅವರನ್ನು ಗುರುತಿಸಬಲ್ಲರು. ಆಶಯಕ್ಕೆ ಬೇಕಾದ ವಿವರವನ್ನು ಮಾತ್ರ ಉಳಿಸಿಕೊಂಡು ಉಳಿದದ್ದನ್ನು ಮಸುಕಾಗಿಸಬೇಕು. ಮೇಲಿನ ಉದಾಹರಣೆಯಲ್ಲಿ ಅಜ್ಜಿ ಯಾವ ಊರಿನಿಂದ ಫೋನು ಮಾಡುತ್ತಾರೆ ಎಂಬುದು ವಾದಕ್ಕೆ ಬೇಕಿಲ್ಲ, ಆದ್ದರಿಂದ ಬರೆಯಬೇಕಿಲ್ಲ. ಫಲಿತಾಂಶದ ಕೊನೆಯ ಪ್ಯಾರಾದಲ್ಲೂ ಹಕ್ಕುಸಾಧನೆ ಇಷ್ಟಕ್ಕೇ ಸೀಮಿತವಾಗಬೇಕು: ಈ ಆರು ಮಂದಿಯ ಮಾತಿನಲ್ಲಿ ಹೊಣೆ ಎರಡು ದಿಕ್ಕಿಗೆ ಹಂಚಿಹೋಗಿದೆ, ಯಾವ ಸಂದರ್ಭದಲ್ಲಿ ಯಾವುದು ಮೇಲಾಗುತ್ತದೆ ಎಂಬುದು ಕೇಳಿಸಿಕೊಳ್ಳುವವರು ಯಾರೆಂಬುದನ್ನು ಅವಲಂಬಿಸಿದೆ. ಇಂಗ್ಲೆಂಡಿನ ಕನ್ನಡಿಗರೆಲ್ಲರ ಬಗ್ಗೆ ಅದು ಏನನ್ನೂ ಹೇಳುವುದಿಲ್ಲ. ಆದರೆ ಇನ್ನೊಂದು ನಗರದಲ್ಲಿ ಸಂದರ್ಶಿಸುವವರು ಯಾವ ಪ್ರಶ್ನೆಯನ್ನು ಹೊಸದಾಗಿ ಕೇಳಬೇಕೆಂಬುದನ್ನು ಹೇಳುತ್ತದೆ.